ನೆತ್ತಿಯ ಉರಿ ತಣ್ಣಗಾದ ಮೇಲೂ ಬ್ಲೀಚ್ ಸುಡುತ್ತಿರಬಹುದು

‘ಬ್ಲೀಚ್ ಅಂದ್ಮೇಲೆ ಸ್ವಲ್ಪ ಉರಿಯತ್ತೆ, ತಡ್ಕೊಳ್ಳಿ’ ಅನ್ನುವ ಮಾತು ಪಾರ್ಲರಿನಲ್ಲೂ ಕೇಳಿಬರುತ್ತದೆ, ಮನೆಯಲ್ಲೇ ಕೂದಲಿಗೆ ಬಣ್ಣ ಹಾಕಿಕೊಳ್ಳುವುದನ್ನು ತೋರಿಸುವ ವಿಡಿಯೋಗಳಲ್ಲೂ ಕೇಳಿಬರುತ್ತದೆ. ಈ ಮಾತು ಪೂರ್ತಿ ಸುಳ್ಳಾಗಿದ್ದರೆ ಇಷ್ಟು ತೊಂದರೆ ಆಗುತ್ತಿರಲಿಲ್ಲ. ಹಚ್ಚಿದ ಮೊದಲ ಕೆಲವು ನಿಮಿಷ ನೆತ್ತಿ ಚುರುಚುರು ಅನ್ನುವುದು, ತುಸು ನವೆಯಾಗುವುದು ಬಹಳ ಜನರಿಗೆ ಆಗುತ್ತದೆ, ತೊಳೆದ ಮೇಲೆ ಹೋಗುತ್ತದೆ. ಆದರೆ ಆ ಚುರುಚುರು ಉರಿಯಾಗಿ, ಒಂದೇ ಜಾಗದಲ್ಲಿ ನಿಂತು, ನಿಮಿಷ ನಿಮಿಷಕ್ಕೂ ಏರುತ್ತಿದ್ದರೆ ಅಲ್ಲಿ ಚರ್ಮ ಸುಡಲು ಶುರುವಾಗಿದೆ. ಬಣ್ಣ ಬಿಟ್ಟಿತೋ ಇಲ್ಲವೋ ಎಂದು ಕನ್ನಡಿ ನೋಡುತ್ತ ಇನ್ನೂ ಹತ್ತು ನಿಮಿಷ ಕೂರುವುದು ಹೆಚ್ಚಾಗಿ ಈ ಹೊತ್ತಿನಲ್ಲೇ.

ಡಬ್ಬಿಯಲ್ಲಿ ಏನಿದೆ ಎಂದು ನೋಡಿದರೆ ಉಳಿದದ್ದು ಅರ್ಥವಾಗುತ್ತದೆ. ನೀಲಿ ಅಥವಾ ಬಿಳಿ ಪುಡಿಯಲ್ಲಿ ಅಮೋನಿಯಂ, ಪೊಟ್ಯಾಶಿಯಂ, ಸೋಡಿಯಂ ಪರ್‌ಸಲ್ಫೇಟ್‌ಗಳಿರುತ್ತವೆ, ಜೊತೆಗೆ ಸಿಲಿಕೇಟ್‌ಗಳಂಥ ಬಲವಾದ ಕ್ಷಾರಗಳು. ಡೆವಲಪರ್ ಎನ್ನುವ ಬಾಟಲಿಯಲ್ಲಿರುವುದು ಹೈಡ್ರೋಜನ್ ಪೆರಾಕ್ಸೈಡ್. ಅದರ ಮೇಲೆ ಬರೆದಿರುವ 10, 20, 30, 40 ವಾಲ್ಯೂಮ್ ಎಂದರೆ ಕ್ರಮವಾಗಿ 3, 6, 9, 12 ಶೇಕಡಾ ಪೆರಾಕ್ಸೈಡ್. ಯುರೋಪಿನ ಕಾನೂನು ಕೂದಲಿನ ಉತ್ಪನ್ನಗಳಿಗೆ ಹಾಕಿರುವ ಗರಿಷ್ಠ ಮಿತಿ ಇದೇ 12. ಬಾಟಲಿಯಲ್ಲಿ ಕೆಡದಿರಲೆಂದು ಡೆವಲಪರನ್ನು ತುಸು ಆಮ್ಲೀಯವಾಗಿಯೇ ಇಟ್ಟಿರುತ್ತಾರೆ. ಪುಡಿಯ ಜೊತೆ ಕಲಸಿದ ತಕ್ಷಣ ಅದು ತಿರುಗಿಬಿದ್ದು ಗಟ್ಟಿ ಕ್ಷಾರವಾಗುತ್ತದೆ. ಪಿಎಚ್ 10ರ ಆಸುಪಾಸಿಗೆ ಹೋಗುತ್ತದೆ. ನಮ್ಮ ಚರ್ಮದ ಮೇಲ್ಮೈ ಇರುವುದು 5ರ ಹತ್ತಿರ. ಪಿಎಚ್ ಅಳತೆಯಲ್ಲಿ ಒಂದೊಂದು ಅಂಕಿಯೂ ಹತ್ತು ಪಟ್ಟು ಎಂಬುದನ್ನು ನೆನಪಿಟ್ಟುಕೊಂಡರೆ 5ಕ್ಕೂ 10ಕ್ಕೂ ಇರುವ ದೂರ ಎಷ್ಟೆಂದು ಗೊತ್ತಾಗುತ್ತದೆ.

ಸುಡುವ ರೀತಿಯಲ್ಲಿ ಆಮ್ಲಕ್ಕೂ ಕ್ಷಾರಕ್ಕೂ ವ್ಯತ್ಯಾಸವಿದೆ. ಆಮ್ಲ ಬಿದ್ದಾಗ ಚರ್ಮದ ಪ್ರೋಟೀನು ಹೆಪ್ಪುಗಟ್ಟಿ ಒಂದು ಗಟ್ಟಿ ಪದರ ಆಗುತ್ತದೆ, ಎಷ್ಟೋ ಸಲ ಆ ಪದರವೇ ಆಮ್ಲವನ್ನು ಇನ್ನೂ ಒಳಗೆ ಇಳಿಯದಂತೆ ತಡೆಯುತ್ತದೆ. ಕ್ಷಾರ ಹಾಗಲ್ಲ. ಅದು ಚರ್ಮದ ಕೊಬ್ಬನ್ನು ಸಾಬೂನಾಗಿಸುತ್ತದೆ, ಪ್ರೋಟೀನನ್ನು ಕರಗಿಸುತ್ತದೆ, ಕರಗಿದ ದಾರಿಯಲ್ಲೇ ಕೆಳಗಿಳಿಯುತ್ತದೆ. ಮೇಲಿನ ಪೇಸ್ಟನ್ನು ಒರೆಸಿ ತೆಗೆದ ಮೇಲೂ ಒಳಗೆ ಇಳಿದದ್ದು ಕೆಲಸ ಮುಂದುವರಿಸುತ್ತದೆ. ಜಾಗ ಆಳವಾಗಿ ಸುಟ್ಟರೆ ಅಲ್ಲಿನ ನರದ ತುದಿಗಳೂ ಸಾಯುವುದರಿಂದ ನೋವು ಕಡಿಮೆಯಾಗುತ್ತದೆ. ಹಾಗಾಗಿ ಉರಿ ತಾನಾಗಿಯೇ ನಿಂತದ್ದು ಒಳ್ಳೆಯ ಸುದ್ದಿಯೇ ಆಗಿರಬೇಕೆಂದಿಲ್ಲ.

ಹೀಗೊಂದು ಸಂದರ್ಭ ಇಟ್ಟುಕೊಳ್ಳೋಣ. ಪಿಜಿಯಲ್ಲಿರುವ 19 ವರ್ಷದ ಹುಡುಗಿ, ಕಡುಕಪ್ಪು ಕೂದಲು. ಒಂದೇ ಸಲಕ್ಕೆ ಹೊಂಬಣ್ಣ ಬರಲಿ ಎಂದು 40 ವಾಲ್ಯೂಮ್ ತಂದಿದ್ದಾಳೆ. ಬೆಳಿಗ್ಗೆಯಷ್ಟೇ ತಲೆಗೆ ಶಾಂಪೂ ಹಾಕಿ ಚೆನ್ನಾಗಿ ಉಜ್ಜಿ ತೊಳೆದಿದ್ದಾಳೆ. ಕನ್ನಡಿಯಲ್ಲಿ ಕಾಣುವುದು ಬೈತಲೆ, ಆದ್ದರಿಂದ ಬೈತಲೆಯ ಬುಡದಿಂದಲೇ ಹಚ್ಚಲು ಶುರು. ನೆತ್ತಿಯ ಮೇಲೆ ನಾಲ್ಕೈದು ಫಾಯಿಲ್ ಒಂದರ ಮೇಲೊಂದು ಬಂದಿವೆ. ಬೇಗ ಬಣ್ಣ ಬಿಡಲಿ ಎಂದು ರೂಂಮೇಟ್ ಮೇಲಿನಿಂದ ಹೇರ್ ಡ್ರೈಯರ್ ಹಿಡಿದಿದ್ದಾಳೆ. ಹದಿನೈದನೇ ನಿಮಿಷಕ್ಕೆ ನೆತ್ತಿಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗ ಉರಿಯತೊಡಗುತ್ತದೆ. ಮೂವತ್ತಕ್ಕೆ ತಡೆಯಲಾಗದಷ್ಟು. ನಲವತ್ತಕ್ಕೆ ಕಡಿಮೆಯಾದಂತೆ ಅನಿಸುತ್ತದೆ, ಆದ್ದರಿಂದ ಐವತ್ತರವರೆಗೆ ಬಿಡುತ್ತಾಳೆ. ಆಮೇಲೆ ನಾಲ್ಕು ಮಗ್ ನೀರು, ಶಾಂಪೂ, ಟವೆಲ್, ತಂಪಿಗೆಂದು ಕೊಬ್ಬರಿ ಎಣ್ಣೆ. ಬೆಳಿಗ್ಗೆ ಏಳುವಾಗ ದಿಂಬಿಗೆ ಹಳದಿ ನೀರಿನ ಕಲೆ, ನೆತ್ತಿಯಲ್ಲಿ ಕೂದಲು ಅಂಟಿಕೊಂಡಿದೆ, ಮುಟ್ಟಿದರೆ ನೀರುಗುಳ್ಳೆ.

ಇದರಲ್ಲಿ ಯಾವುದೂ ಅಪರೂಪದ್ದಲ್ಲ. ಫಾಯಿಲ್ ಹಾಕಿ ಹೈಲೈಟ್ಸ್ ಮಾಡಿಸಿಕೊಂಡ ಎಳೆಯ ಹುಡುಗಿಯರ ನೆತ್ತಿ, ಹಿಂದಲೆ ಆಳವಾಗಿ ಸುಟ್ಟು ಚರ್ಮ ಕಸಿ ಮಾಡಬೇಕಾಗಿ ಬಂದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ವರದಿಯಾಗಿವೆ. ಜಾಗವೂ ಬಹುತೇಕ ಅದೇ. ನೆತ್ತಿಯ ಮೇಲೆ ಫಾಯಿಲ್‌ಗಳು ಒತ್ತಾಗಿ ಕೂರುತ್ತವೆ, ಪೇಸ್ಟ್ ಸರಿಯಲು ಇಳಿಜಾರಿಲ್ಲ, ಬಿಸಿ ಗಾಳಿ ನೇರವಾಗಿ ಬೀಳುವುದೂ ಅಲ್ಲಿಯೇ. ಪೆರಾಕ್ಸೈಡ್ ಒಡೆಯುವಾಗ ತಾನೇ ಶಾಖ ಹೊರಹಾಕುತ್ತದೆ, ಫಾಯಿಲ್ ಆ ಶಾಖವನ್ನು ಹೊರಗೆ ಬಿಡುವುದಿಲ್ಲ. ಮೇಲಿನಿಂದ ಡ್ರೈಯರ್ ಹಿಡಿದರೆ ರಾಸಾಯನಿಕ ಸುಟ್ಟಗಾಯದ ಮೇಲೆ ಬಿಸಿಯ ಸುಟ್ಟಗಾಯ. ಬುಡದ ಕೂದಲು ತಲೆಯ ಬಿಸಿಗೆ ಬೇಗ ಬಣ್ಣ ಬಿಡುತ್ತದೆ ಎಂದು ಪಳಗಿದವರು ಬುಡಕ್ಕೆ ಕೊನೆಯಲ್ಲಿ ಹಚ್ಚುತ್ತಾರೆ. ಮನೆಯಲ್ಲಿ ಹಚ್ಚಿಕೊಳ್ಳುವವರು ಅದನ್ನೇ ಮೊದಲು ಮಾಡುತ್ತಾರೆ. ಬೆಳಗಿನ ಶಾಂಪೂ ಕೂಡ ಕೆಡುಕೇ ಮಾಡಿತು. ಚರ್ಮದ ಮೇಲಿರುವ ಸಹಜ ಜಿಡ್ಡು ಸ್ವಲ್ಪ ಮಟ್ಟಿಗೆ ಕಾಪಾಡುತ್ತದೆ, ಉಗುರಿನಿಂದ ಉಜ್ಜಿದಾಗ ಜಿಡ್ಡೂ ಹೋಗುತ್ತದೆ, ಗೀರೂ ಆಗುತ್ತದೆ.

ನಮ್ಮ ಕಡೆ ಇನ್ನೊಂದು ಅಪಾಯ ಸೇರಿಕೊಳ್ಳುತ್ತದೆ: ಮೆಹಂದಿ. ಶುದ್ಧ ಗೋರಂಟಿ ಸೊಪ್ಪಿನ ಪುಡಿಯಿಂದ ಈ ತೊಂದರೆ ಇಲ್ಲ, ಬಣ್ಣ ಬಿಡಿಸುವುದು ಕಷ್ಟ ಅಷ್ಟೆ. ಆದರೆ ಕೆಲವು ಬಣ್ಣದ ಮೆಹಂದಿಗಳಲ್ಲಿ, ದಿನದಿನಕ್ಕೂ ಕಪ್ಪಾಗಿಸುವ ಕೆಲವು ಡೈಗಳಲ್ಲಿ ಲೋಹದ ಲವಣಗಳಿರುತ್ತವೆ. ಅವು ಕೂದಲಿನಲ್ಲಿ ಉಳಿದಿರುವಾಗ ಪೆರಾಕ್ಸೈಡ್ ತಾಗಿದರೆ ಅದು ಒಮ್ಮೆಲೇ ಒಡೆದು ಕೂದಲು ಬಿಸಿಯೇರುತ್ತದೆ, ಹೊಗೆಯಾಡುವುದೂ ಉಂಟು. ಹಿಂದೆ ಏನು ಹಚ್ಚಿದ್ದಿರೋ ನೆನಪಿಲ್ಲದಿದ್ದರೆ ಬಾಚಣಿಗೆಯಲ್ಲಿ ಉಳಿದ ಕೂದಲನ್ನೋ ಕತ್ತರಿಸಿದ ಒಂದು ಎಳೆಯನ್ನೋ ಗಾಜಿನ ಬಟ್ಟಲಲ್ಲಿ ಕಲಸಿದ ಬ್ಲೀಚಿನಲ್ಲಿ ಅರ್ಧ ಗಂಟೆ ಇಟ್ಟು ನೋಡಬೇಕು. ಬಟ್ಟಲು ಬಿಸಿಯಾದರೆ, ನೊರೆಯೆದ್ದರೆ, ಕೆಟ್ಟ ವಾಸನೆ ಬಂದರೆ ಆ ತಲೆಗೆ ಬ್ಲೀಚ್ ಬೇಡ.

ಈಗ ಹುಡುಗಿಯ ಹದಿನೈದನೇ ನಿಮಿಷಕ್ಕೆ ಹಿಂದಿರುಗೋಣ. ಉರಿ ಒಂದೇ ಕಡೆ ನಿಂತು ಏರತೊಡಗಿದಾಗಲೇ ಡ್ರೈಯರ್ ಆರಿಸಿ ಫಾಯಿಲ್ ಕಿತ್ತು ನೀರಿನ ಕೆಳಗೆ ಹೋಗಬೇಕಿತ್ತು. ಅರ್ಧ ತಲೆ ಹಳದಿ, ಅರ್ಧ ಕಂದು ಆದರೂ ಸರಿಯೇ. ಬಣ್ಣ ಆಮೇಲೆ ಸರಿಮಾಡಿಕೊಳ್ಳಬಹುದು.

ನೀರು ಹಾಕುವುದೆಂದರೆ ತೊಳೆಯುವುದಲ್ಲ, ಹರಿಸುವುದು. ಕನಿಷ್ಠ 20 ನಿಮಿಷ, ಗಡಿಯಾರ ನೋಡಿಕೊಂಡು. ಉರಿ ಇನ್ನೂ ಇದ್ದರೆ ಮುಂದುವರಿಸಬೇಕು. ಕ್ಷಾರದ ಗಾಯಕ್ಕೆ ಆಸ್ಪತ್ರೆಯಲ್ಲಿ ಒಂದು ಗಂಟೆಯವರೆಗೆ ನೀರು ಹರಿಸುವುದೂ ಇದೆ. ನಲ್ಲಿಯ ತಣ್ಣೀರು ಸಾಕು, ಚಳಿಯಾದರೆ ತುಸು ಉಗುರುಬೆಚ್ಚಗಿನದು. ಗೀಸರಿನ ಬಿಸಿನೀರೂ ಬೇಡ, ಫ್ರಿಜ್ಜಿನ ನೀರು, ಐಸೂ ಬೇಡ. ಐಸ್ ಇಟ್ಟರೆ ರಕ್ತನಾಳ ಸಂಕುಚಿಸಿ ಸುಟ್ಟ ಚರ್ಮಕ್ಕೆ ಸಿಗುವ ಅಷ್ಟಿಷ್ಟು ರಕ್ತವೂ ತಪ್ಪುತ್ತದೆ. ಕೈಶವರ್ ಇದ್ದರೆ ಒತ್ತಡ ಕಡಿಮೆ ಇಟ್ಟು ಬಳಸಬಹುದು. ಬಕೆಟ್ಟು ಮಗ್ಗೇ ಗತಿಯಾದರೆ ಲೆಕ್ಕ ಹೀಗೆ: ಒಂದು ಲೀಟರಿನ ಮಗ್ಗನ್ನು ಹದಿನೈದು ಸೆಕೆಂಡಿಗೊಮ್ಮೆ ನಿಧಾನವಾಗಿ ಸುರಿದರೆ 20 ನಿಮಿಷಕ್ಕೆ 80 ಲೀಟರ್, ಅಂದರೆ 20 ಲೀಟರಿನ ನಾಲ್ಕು ಬಕೆಟ್. ನೀರಿನ ಅಭಾವವಿರುವ ದಿನ ಬ್ಲೀಚ್ ಕಲಸಲೇಬಾರದು ಎಂದು ಹೇಳುವುದಕ್ಕೆ ಈ ಒಂದು ಲೆಕ್ಕ ಸಾಕು.

ತಲೆ ಹೇಗಿಟ್ಟುಕೊಳ್ಳುತ್ತೀರಿ ಎಂಬುದು ನೀರಿನಷ್ಟೇ ಮುಖ್ಯ. ಸ್ನಾನದಂತೆ ಮುಂದಕ್ಕೆ ಬಗ್ಗಿದರೆ ಕ್ಷಾರದ ನೀರೆಲ್ಲ ಹಣೆಯಿಂದ ಕಣ್ಣಿಗೆ. ಕಣ್ಣಿಗೆ ಕ್ಷಾರ ಬಿದ್ದರೆ ನೆತ್ತಿಯ ಗಾಯಕ್ಕಿಂತ ಅದೇ ದೊಡ್ಡದಾಗುತ್ತದೆ. ಕುರ್ಚಿಯಲ್ಲಿ ಕೂತು ವಾಶ್‌ಬೇಸಿನ್‌ಗೆ ಕತ್ತು ಒರಗಿಸಿ, ಇಲ್ಲವೇ ಮಂಚದ ಅಂಚಿಗೆ ತಲೆ ಇಳಿಬಿಟ್ಟು ಕೆಳಗೆ ಬಕೆಟ್ ಇಟ್ಟು, ಇನ್ನೊಬ್ಬರು ನೀರು ಹಾಕಬೇಕು. ಒಬ್ಬರೇ ಇದ್ದರೆ ಶವರ್ ಕೆಳಗೆ ತಲೆ ಹಿಂದಕ್ಕೆ ಬಾಗಿಸಿ, ಕಣ್ಣು ಮುಚ್ಚಿ. ಓಲೆ, ಸರ, ಪೇಸ್ಟ್ ತಾಗಿದ ಬಟ್ಟೆ ತೆಗೆಯಬೇಕು. ಬಟ್ಟೆಯನ್ನು ತಲೆಯ ಮೇಲಿಂದ ಎಳೆಯುವ ಬದಲು ಗುಂಡಿ ಬಿಚ್ಚಿಯೋ ಕತ್ತರಿಸಿಯೋ ತೆಗೆದರೆ ಮುಖಕ್ಕೆ ಬಳಿದುಕೊಳ್ಳುವುದಿಲ್ಲ. ನೀರು ಹಾಕುವವರಿಗೆ ಕಿಟ್‌ನಲ್ಲಿ ಬಂದ ಗ್ಲೌಸ್ ಇರಲಿ. ಪೇಸ್ಟ್ ಕೂದಲ ಬುಡದಲ್ಲಿ ಗಂಟುಕಟ್ಟಿ ಅಡಗಿರುತ್ತದೆ, ಆದ್ದರಿಂದ ಬೆರಳ ತುದಿಯಿಂದ ಕೂದಲನ್ನು ಸಾಲು ಸಾಲಾಗಿ ಬಿಡಿಸುತ್ತ ಬುಡಕ್ಕೆ ನೀರು ತಾಗಿಸಬೇಕು. ಉಗುರು, ಬಾಚಣಿಗೆ ಬೇಡ. ಹತ್ತು ನಿಮಿಷದ ನಂತರ ಮಕ್ಕಳ ಶಾಂಪೂವಿನಂಥ ಸೌಮ್ಯವಾದದ್ದನ್ನು ಉಜ್ಜದೆ ಒಮ್ಮೆ ಸವರಿ ಮತ್ತೆ ನೀರು ಹರಿಸಿದರೆ ಅಂಟಿದ್ದು ಬಿಡುತ್ತದೆ.

ಕ್ಷಾರಕ್ಕೆ ಆಮ್ಲ ಮದ್ದು ಎಂಬ ಶಾಲೆಯ ಪಾಠ ನೆನಪಾಗಿ ನಿಂಬೆರಸ, ವಿನೆಗರ್, ಮೊಸರು ಹಾಕಲು ಹೊರಡುವವರಿದ್ದಾರೆ. ಆಮ್ಲ ಕ್ಷಾರ ಸೇರುವಾಗಲೂ ಶಾಖ ಹುಟ್ಟುತ್ತದೆ, ಆ ಶಾಖ ಸುಟ್ಟ ಚರ್ಮದ ಮೇಲೆಯೇ. ಜೊತೆಗೆ ತೆರೆದ ಗಾಯಕ್ಕೆ ನಿಂಬೆರಸ. ಎಣ್ಣೆ, ಬೆಣ್ಣೆ, ಟೂತ್‌ಪೇಸ್ಟ್, ಅರಿಶಿನ ಯಾವುದೂ ಬೇಡ. ಎಣ್ಣೆ ಅಳಿದುಳಿದ ಪೇಸ್ಟನ್ನು ಒಳಗೇ ಮುಚ್ಚಿಡುತ್ತದೆ; ಅರಿಶಿನದ ಬಣ್ಣದಡಿ ಗಾಯ ಎಷ್ಟು ಆಳ ಎಂದು ವೈದ್ಯರಿಗೆ ಕಾಣುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ಸುಟ್ಟಗಾಯಕ್ಕೆಂದು ಥಟ್ಟನೆ ಕೊಡುವ ಬಿಳಿ ಸಿಲ್ವರ್ ಸಲ್ಫಾಡಯಾಜಿನ್ ಮುಲಾಮಿನದೂ ಇದೇ ತೊಂದರೆ. ಗಾಯದ ಮೇಲೆ ಬಿಳಿ ಪೊರೆ ಕಟ್ಟಿ ಆಳವನ್ನು ಮರೆಮಾಡುತ್ತದೆ, ಸಲ್ಫಾ ಅಲರ್ಜಿ ಇರುವವರಿಗೆ ಅಪಾಯವೂ ಹೌದು. ವೈದ್ಯರು ನೋಡುವ ಮೊದಲು ಅದು ಬೇಡ.

ನೀರು ನಿಲ್ಲಿಸಿ ಹತ್ತು ಹದಿನೈದು ನಿಮಿಷ ಕಾಯಿರಿ. ಉರಿ ಮತ್ತೆ ಎದ್ದರೆ ಒಳಗಿನ ಕ್ಷಾರ ಮೇಲೆ ಬರುತ್ತಿದೆ ಎಂದುಕೊಂಡು ಇನ್ನೊಂದು ಸುತ್ತು ನೀರು ಹರಿಸಬೇಕು. ಆಸ್ಪತ್ರೆಯಲ್ಲಿ ಇದೇ ಹೊತ್ತಿಗೆ ಪಿಎಚ್ ಪಟ್ಟಿ ಮುಟ್ಟಿಸಿ ನೋಡುತ್ತಾರೆ. ಆಮೇಲೆ ಉಜ್ಜದೆ, ಶುಭ್ರ ಹತ್ತಿ ಬಟ್ಟೆಯಿಂದ ಒತ್ತಿ ನೀರಾರಿಸಿ, ಬೆಳಕಿನಲ್ಲಿ ಬೈತಲೆ ತೆಗೆದು ತೆಗೆದು ಇನ್ನೊಬ್ಬರಿಂದ ನೋಡಿಸಿ, ಫೋನಿನಲ್ಲಿ ಫೋಟೋ ತೆಗೆಸಿಡಿ. ಮುಖದ ಮೇಲಿನ ಸುಟ್ಟಗಾಯ ಕಣ್ಣಿಗೆ ರಾಚುತ್ತದೆ; ತಲೆಯದ್ದು ಕೂದಲ ಮರೆಯಲ್ಲಿರುವುದರಿಂದ ಎಷ್ಟೋ ಜನ ಹಕ್ಕಳೆ ಕಟ್ಟುವ ತನಕ ನೋಡಿಯೇ ಇರುವುದಿಲ್ಲ.

ಕಂಡದ್ದನ್ನು ಹೀಗೆ ಓದಬಹುದು. ಕೆಂಪಾಗಿ, ಮುಟ್ಟಿದರೆ ಉರಿದು, ಗುಳ್ಳೆ ಇಲ್ಲದಿದ್ದರೆ ಮೇಲ್ಪದರದ ಗಾಯ, ಸಾಮಾನ್ಯವಾಗಿ ಒಂದು ವಾರದೊಳಗೆ ಮಾಯುತ್ತದೆ. ಗುಳ್ಳೆ ಎದ್ದು, ಅಡಿಯಲ್ಲಿ ಗುಲಾಬಿ ಬಣ್ಣದ ಒದ್ದೆ ಚರ್ಮವಿದ್ದು, ಚೆನ್ನಾಗಿ ನೋಯುತ್ತಿದ್ದರೆ ಎರಡನೇ ಪದರದವರೆಗೆ ಹೋಗಿದೆ. ಸುಮಾರು ಎರಡು ವಾರ ಬೇಕು. ಭಯಪಡಬೇಕಾದದ್ದು ಬೆಳ್ಳಗೆ ಮೇಣದಂತೆಯೋ, ಕಂದಾಗಿಯೋ, ತೊಗಲಿನಂತೆ ಗಟ್ಟಿಯಾಗಿಯೋ ಇರುವ, ಮುಟ್ಟಿದರೂ ನೋವಿಲ್ಲದ ಜಾಗ. ಇಲ್ಲೊಂದು ಗೊಂದಲಕ್ಕೆ ಎಡೆಯಿದೆ. ಪೆರಾಕ್ಸೈಡ್ ತಾಗಿದ ಬೆರಳ ತುದಿಗಳೂ ಬೆಳ್ಳಗಾಗುತ್ತವೆ, ಆದರೆ ಅದು ಚರ್ಮದೊಳಗೆ ಸೇರಿದ ಆಮ್ಲಜನಕದ ಸಣ್ಣ ಗುಳ್ಳೆಗಳಿಂದ, ತುಸು ಹೊತ್ತಿನಲ್ಲಿ ಬಣ್ಣ ಮರಳುತ್ತದೆ. ನೆತ್ತಿಯ ಬಿಳಿ ಮಚ್ಚೆ ಒಂದೆರಡು ಗಂಟೆಯ ನಂತರವೂ ಹಾಗೆಯೇ ಇದ್ದು ಸ್ಪರ್ಶವೇ ಗೊತ್ತಾಗದಿದ್ದರೆ ಅದು ಬೇರೆ ಮಾತು. ಗುಳ್ಳೆಗಳು ಕೆಲವೊಮ್ಮೆ ಮರುದಿನ ಏಳುತ್ತವೆ, ಆದ್ದರಿಂದ ರಾತ್ರಿ ನೋಡಿದ್ದನ್ನು ಬೆಳಿಗ್ಗೆ ಇನ್ನೊಮ್ಮೆ ನೋಡಬೇಕು.

ಗುಳ್ಳೆಯನ್ನು ಒಡೆಯಬಾರದು. ಒಳಗಿನ ಚರ್ಮಕ್ಕೆ ಅದಕ್ಕಿಂತ ಚೊಕ್ಕಟವಾದ ಪಟ್ಟಿ ಮನೆಯಲ್ಲಿ ಸಿಗುವುದಿಲ್ಲ. ತಾನಾಗಿ ಒಡೆದರೆ ಆ ತೆಳು ಪೊರೆಯನ್ನು ಕೀಳದೆ ನೀರಿನಿಂದ ಮೆಲ್ಲಗೆ ತೊಳೆದು, ಪೆಟ್ರೋಲಿಯಂ ಜೆಲ್ಲಿಯ ತೆಳು ಪದರ ಸವರಿ, ಅಂಟದ ಗಾಜ್ ಇಟ್ಟು ಸಡಿಲವಾಗಿ ಹತ್ತಿ ಬಟ್ಟೆ ಕಟ್ಟಬಹುದು. ಆಸ್ಪತ್ರೆಗೆ ಹೊರಟವರು ಜೆಲ್ಲಿಯನ್ನೂ ಹಚ್ಚದೆ ಒದ್ದೆ ಬಟ್ಟೆಯಷ್ಟೇ ಹೊದೆಸಿಕೊಂಡು ಹೋಗುವುದು ಲೇಸು. ನೋವಿಗೆ ದೊಡ್ಡವರು ಪ್ಯಾರಾಸಿಟಮಾಲ್ 500 ಅಥವಾ 650 ಮಿಲಿಗ್ರಾಂ ಆರು ಗಂಟೆಗೊಮ್ಮೆ ತೆಗೆದುಕೊಳ್ಳಬಹುದು, ಲಿವರ್ ತೊಂದರೆ ಇಲ್ಲದಿದ್ದರೆ. ಹೆಲ್ಮೆಟ್ ಗುಳ್ಳೆಯನ್ನು ಉಜ್ಜಿ ಸುಲಿಯುತ್ತದೆ, ಆದ್ದರಿಂದ ಮಾಯುವ ತನಕ ಸ್ಕೂಟರ್ ಬಿಟ್ಟು ಬಸ್ಸು ಹಿಡಿಯಬೇಕು.

ಆಸ್ಪತ್ರೆಯ ಮಾತು ಬಂದಾಗ, ತಡಮಾಡದೆ ಹೋಗಬೇಕಾದ ಸಂದರ್ಭಗಳು ಸ್ಪಷ್ಟ. ಕಣ್ಣಿಗೆ ಬಿದ್ದಿದ್ದರೆ ರೆಪ್ಪೆ ಬಿಡಿಸಿ ಹಿಡಿದು 20 ನಿಮಿಷವಾದರೂ ನೀರು ಹರಿಸಿ, ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆದು, ನೇರ ಕಣ್ಣಾಸ್ಪತ್ರೆಗೆ; ಉರಿ ಹೋದರೂ ಹೋಗಲೇಬೇಕು. ಉಸಿರಾಡುವಾಗ ಸುಯ್ ಅನ್ನುವುದು, ತುಟಿ, ನಾಲಗೆ, ಮುಖ ಊದುವುದು, ಮೈಯೆಲ್ಲ ದದ್ದು, ತಲೆ ಸುತ್ತು ಇದ್ದರೆ ಅದು ಸುಟ್ಟದ್ದಲ್ಲ, ಪರ್‌ಸಲ್ಫೇಟ್ ಅಲರ್ಜಿ. ವರ್ಷಗಟ್ಟಲೆ ಬ್ಲೀಚ್ ಕಲಸುವ ಹೇರ್‌ಡ್ರೆಸರ್‌ಗಳಿಗೆ ಅಸ್ತಮಾ ತರುವುದೂ ಇದೇ ಪರ್‌ಸಲ್ಫೇಟ್. ಈ ಅಲರ್ಜಿ ನಿಮಿಷಗಳಲ್ಲಿ ಏರುವಂಥದ್ದಾದ್ದರಿಂದ ಕೂಡಲೇ 108ಕ್ಕೆ ಕರೆಮಾಡಬೇಕು. ಬಿಳಿ ಅಥವಾ ನೋವಿಲ್ಲದ ಗಟ್ಟಿ ಜಾಗ, ನಾಣ್ಯಕ್ಕಿಂತ ದೊಡ್ಡ ಗುಳ್ಳೆ ಅಥವಾ ಹಲವು ಗುಳ್ಳೆ, ಒಂದು ಗಂಟೆ ನೀರು ಹಾಕಿದರೂ ನಿಲ್ಲದ ಉರಿ, ಮಗುವಿನ ತಲೆ, ಸಕ್ಕರೆ ಕಾಯಿಲೆ: ಇವೆಲ್ಲ ಅಂದೇ ತೋರಿಸಬೇಕಾದವು. ಸಾಧ್ಯವಿದ್ದರೆ ಸುಟ್ಟಗಾಯದ ವಿಭಾಗವಿರುವ ಆಸ್ಪತ್ರೆಗೆ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಅಂಥ ವಿಭಾಗವಿದೆ. ಪುಡಿಯ ಪೊಟ್ಟಣ, ಡೆವಲಪರ್ ಬಾಟಲಿ ಜೊತೆಗಿರಲಿ. ಎಷ್ಟು ವಾಲ್ಯೂಮ್, ಎಷ್ಟು ನಿಮಿಷ, ಬಿಸಿ ಕೊಟ್ಟಿರೋ, ನೀರು ಎಷ್ಟು ಹೊತ್ತು ಹಾಕಿದಿರಿ ಎಂಬ ನಾಲ್ಕು ಉತ್ತರ ವೈದ್ಯರಿಗೆ ಬೇಕು. ಧನುರ್ವಾಯು ಚುಚ್ಚುಮದ್ದು ಕೊನೆಯ ಸಲ ಯಾವಾಗ ಎಂದೂ ಕೇಳುತ್ತಾರೆ.

ಎರಡು ಮೂರು ದಿನ ಕಳೆದ ಮೇಲೆ ನೋಡಬೇಕಾದದ್ದು ಸೋಂಕು. ಒಣಗಿದ ಹಳದಿ ಹಕ್ಕಳೆ ಕಂಡ ಮಾತ್ರಕ್ಕೆ ಕೀವು ಎಂದು ಹೆದರಬೇಕಿಲ್ಲ, ಗುಳ್ಳೆಯ ನೀರು ಒಣಗಿದರೆ ಜೇನಿನ ಬಣ್ಣವೇ. ಇಳಿಯುತ್ತಿದ್ದ ನೋವು ಮೂರನೇ ದಿನ ಮತ್ತೆ ಏರಿದರೆ, ದಪ್ಪ ಕೀವು, ವಾಸನೆ, ಜ್ವರ, ಕಿವಿಯ ಹಿಂದೆ ಗಂಟು, ಹಣೆಯತ್ತ ಹರಡುವ ಕೆಂಪು ಇದ್ದರೆ ಕಾಯಬಾರದು. ಬ್ಲೀಚಿನ ನಂತರ ಅದರ ಮೇಲೆ ಬೇರೆ ಬಣ್ಣವನ್ನೂ ಹಾಕಿಕೊಂಡವರಲ್ಲಿ ಒಂದರಿಂದ ಮೂರು ದಿನದೊಳಗೆ ತಡೆಯಲಾಗದ ನವೆ, ಕಿವಿ, ಹಣೆ, ರೆಪ್ಪೆಗಳ ಊತ, ನೀರೊಸರುವ ದದ್ದು ಬಂದರೆ ಅದು ಡೈಯಲ್ಲಿರುವ ಪಿಪಿಡಿ ಎಂಬ ರಾಸಾಯನಿಕದ ಅಲರ್ಜಿ ಇರಬಹುದು. ಸುಟ್ಟಗಾಯವಾದರೆ ಹಚ್ಚುವಾಗಲೇ ಉರಿಯುತ್ತದೆ, ಅಲರ್ಜಿ ತಡವಾಗಿ ನವೆಯಿಂದ ಬರುತ್ತದೆ. ಚಿಕಿತ್ಸೆ ಬೇರೆ, ಅಲರ್ಜಿಗೆ ಕೊಡುವ ಸ್ಟೀರಾಯ್ಡ್ ಮುಲಾಮನ್ನು ಸುಟ್ಟಗಾಯಕ್ಕೆ ತಾವಾಗಿಯೇ ಹಚ್ಚಿಕೊಳ್ಳುವಂತಿಲ್ಲ.

ಕೂದಲು ಮತ್ತೆ ಬರುತ್ತದೆಯೇ ಎಂಬುದೇ ಎಲ್ಲರ ಮೊದಲ ಪ್ರಶ್ನೆ. ನೆತ್ತಿಯ ಕೂದಲಿನ ಬೇರುಗಳು ಚರ್ಮದ ಕೆಳಗಿನ ಕೊಬ್ಬಿನವರೆಗೆ ಇಳಿದಿರುತ್ತವೆ. ಮೇಲಿನ ಪದರಗಳು ಸುಟ್ಟರೂ ಬೇರಿನ ಜೀವಕೋಶಗಳಿಂದಲೇ ಹೊಸ ಚರ್ಮ ಹುಟ್ಟುತ್ತದೆ, ಹಾಗಾಗಿ ನೆತ್ತಿ ಮೈಯ ಬೇರೆ ಭಾಗಗಳಿಗಿಂತ ಚೆನ್ನಾಗಿ ಮಾಯುತ್ತದೆ. ಗುಳ್ಳೆಯಷ್ಟೇ ಎದ್ದಿದ್ದರೆ ಉದುರಿದ ಕೂದಲು ಕೆಲವು ತಿಂಗಳಲ್ಲಿ ಮರಳುವ ನಿರೀಕ್ಷೆ ಇಟ್ಟುಕೊಳ್ಳಬಹುದು. ಉದುರಿದ ಕೂದಲಿನ ತುದಿಯಲ್ಲಿ ಬಿಳಿ ಬುಡವಿಲ್ಲದೆ ಮೋಟಾಗಿದ್ದರೆ ಅದು ಬೇರಿನಿಂದ ಬಂದದ್ದೇ ಅಲ್ಲ, ಬ್ಲೀಚಿಗೆ ಬೆಂದು ಮುರಿದದ್ದು. ಕೂದಲಿನ ಬೇರು ಸತ್ತ ಕಡೆ ಮಾತ್ರ ಚರ್ಮ ನುಣ್ಣಗೆ ಹೊಳೆಯುತ್ತದೆ, ಕೂದಲ ರಂಧ್ರದ ಚುಕ್ಕೆಗಳೂ ಕಾಣುವುದಿಲ್ಲ. ಮೂರು ತಿಂಗಳಾದರೂ ಹಾಗೆಯೇ ಇದ್ದರೆ ಚರ್ಮರೋಗ ತಜ್ಞರನ್ನು ಕಾಣಬೇಕು. ಎಣ್ಣೆ, ಈರುಳ್ಳಿ ರಸ, ಸೀರಮ್ಮುಗಳಿಗೆ ಅಲ್ಲಿ ಕೆಲಸವಿಲ್ಲ. ಚಿಕ್ಕ ಮಚ್ಚೆಯನ್ನು ಕತ್ತರಿಸಿ ಹೊಲಿಯುತ್ತಾರೆ. ದೊಡ್ಡದಾದರೆ, ಗಾಯದ ಕಲೆ ಪೂರ್ತಿ ಬಲಿತ ಮೇಲೆ, ಪಕ್ಕದ ಕೂದಲಿರುವ ಚರ್ಮದಡಿ ಬಲೂನಿನಂಥ ಚೀಲವಿಟ್ಟು ವಾರಗಟ್ಟಲೆ ಸಲೈನ್ ತುಂಬಿ ಹಿಗ್ಗಿಸಿ, ಹಿಗ್ಗಿದ ಚರ್ಮವನ್ನು ಬೋಳು ಜಾಗಕ್ಕೆ ಎಳೆದು ಕೂರಿಸುವ ಶಸ್ತ್ರಚಿಕಿತ್ಸೆ ಇದೆ.